‘ಗೋಲಾ’ದ ಬೆನ್ನುಡಿ

ತಿಪಟೂರಿನ ಗಿರಿಜಾಂಬಿಕಾ ಅವರನ್ನು ಬೀದಿಯವರೆಲ್ಲ ಗಿರಿಜಮ್ಮ ಎನ್ನುತ್ತಿದ್ದರು. ಪುಸ್ತಕದಂಗಡಿಗೆ ಹೋದರೆ ಅವರು ಮುಖಪುಟದ ಚಿತ್ರಕ್ಕೆ ಮರುಳಾಗುವವರಲ್ಲ. ಪುಸ್ತಕವನ್ನು ಬೋರಲು ಹಾಕಿ, ಕನ್ನಡಕ ಏರಿಸಿ, ಬೆನ್ನುಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಓದಿ ಆದ ಮೇಲೆ ಎರಡೇ ಮಾತು. ಒಂದೋ ‘ಇದು ಇರ್ಲಿ’, ಇಲ್ಲವೇ ‘ಇದು ನನಗಲ್ಲ’. ಹಾಗೆ ಆರಿಸಿ ತಂದ ಕಾದಂಬರಿಗಳು ಅವರ ಮನೆಯ ಗೋಡೆಬೀರುವಿನಲ್ಲಿ ಸೀರೆಗಳನ್ನು ಕೆಳಗಿನ ಅರೆಗೆ ತಳ್ಳಿ ಮೇಲಿನದನ್ನೆಲ್ಲ ಹಿಡಿದುಕೊಂಡಿದ್ದವು.

ಗಿರಿಜಮ್ಮನ ತವರು ಬಿಳಿಗೆರೆ. ಅಪ್ಪನಿಗೆ ತೆಂಗಿನ ತೋಟವಿತ್ತು, ಜೊತೆಗೆ ಹೆಣ್ಣುಮಗಳು ಓದಲಿ ಎಂಬ ಮನಸ್ಸೂ ಇತ್ತು. ಹೈಸ್ಕೂಲಿನಲ್ಲಿದ್ದಾಗ ಹಿಂದಿ ಮೇಡಂ ಒಬ್ಬರು ಈ ಹುಡುಗಿಯ ದುಂಡಗಿನ ಅಕ್ಷರ ನೋಡಿ ಹಿಂದಿ ಪ್ರಚಾರದ ಪರೀಕ್ಷೆಗಳಿಗೆ ಕಟ್ಟಿಸಿದರು. ಒಂದಾದ ಮೇಲೊಂದು ಪಾಸಾಗುತ್ತ ಹೋಯಿತು. ಇನ್ನೊಂದೆರಡು ಮುಗಿಸಿದ್ದರೆ ಟೀಚರ್ ಕೆಲಸವೇ ಸಿಗುತ್ತಿತ್ತೇನೋ, ಅಷ್ಟರಲ್ಲಿ ತಿಪಟೂರಿನ ಸಂಬಂಧ ಕೂಡಿ ಬಂತು. ಹುಡುಗ ಬಸವರಾಜಪ್ಪ, ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಹುಡುಗನಿಗೂ ಹಿಂದಿ ಚೆನ್ನಾಗಿ ಬರುತ್ತದೆ ಎಂದು ಮದುವೆ ಮಾತಾಡಲು ಬಂದವರು ಹೇಳಿದ್ದನ್ನು ಕೇಳಿ ಗಿರಿಜಮ್ಮ ಒಳಗೊಳಗೇ ಹಿಗ್ಗಿದ್ದರು.

ಬಸವರಾಜಪ್ಪನ ಹಿಂದಿ ಬೇರೆಯದೇ ಜಾತಿಯದು. ತಿಪಟೂರಿನ ಉಂಡೆ ಕೊಬ್ಬರಿಯನ್ನು ಕೊಳ್ಳುವವರು ಉತ್ತರದ ಊರುಗಳ ವ್ಯಾಪಾರಿಗಳು. ಲಾರಿಗೆ ಏರುವ ಮೊದಲು ಮಾಲು ಎಂಥದ್ದು, ಎಷ್ಟು ಬಿಳುಪು, ಎಷ್ಟು ದಪ್ಪ, ಇವತ್ತಿನ ಧಾರಣೆ ಏನು ಎಂಬುದನ್ನೆಲ್ಲ ಅವರಿಗೆ ಫೋನಿನಲ್ಲೇ ಹೇಳಿ ಒಪ್ಪಿಸಬೇಕು. ಗಂಟಲು ದೊಡ್ಡದೆಂದು ಮಂಡಿಯ ಮಾಲೀಕರು ಹದಿಹರೆಯದ ಬಸವರಾಜಪ್ಪನ ಕೈಗೆ ಫೋನು ಕೊಟ್ಟಿದ್ದರು. ಆ ಕಡೆಯವರು ಬೈದದ್ದು, ನಕ್ಕದ್ದು, ಹಬ್ಬಕ್ಕೆ ಶುಭಾಶಯ ಹೇಳಿದ್ದು, ಎಲ್ಲವನ್ನೂ ಕೇಳಿ ಕೇಳಿಯೇ ಅವರು ಹಿಂದಿ ಕಲಿತರು. ಆದರೆ ಹಿಂದಿಯ ಒಂದಕ್ಷರ ಓದಲು ಬರುತ್ತಿರಲಿಲ್ಲ. ಗಿರಿಜಮ್ಮನಿಗೆ ಓದಲು ಬರುತ್ತಿತ್ತು, ಯಾರಾದರೂ ಗಡಗಡನೆ ಮಾತಾಡಿದರೆ ತಲೆಬುಡ ತಿಳಿಯುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಗಂಡ ಮಂಡಿಯಿಂದ ಬಂದಾಗ ಗಿರಿಜಮ್ಮ ಬಾಗಿಲಲ್ಲಿ ನಿಂತು, ಪುಸ್ತಕದಲ್ಲಿದ್ದ ಹಾಗೆಯೇ ಶುದ್ಧವಾಗಿ, ತಾವು ಜಲಪಾನ ಸ್ವೀಕರಿಸುವಿರಾ ಎಂದು ಹಿಂದಿಯಲ್ಲಿ ಕೇಳಿದ್ದರು. ಬಸವರಾಜಪ್ಪನಿಗೆ ನಗು ತಡೆಯಲಾಗಲಿಲ್ಲ. ರೇಡಿಯೋ ವಾರ್ತೆ ಓದಿದ ಹಾಗಿದೆ ಎಂದು ತಮ್ಮ ತಾಯಿಯ ಮುಂದೆಯೂ ಹೇಳಿ ನಕ್ಕರು. ಕೆಟ್ಟ ಮನಸ್ಸಿನಿಂದ ಅಲ್ಲ, ಆದರೂ ಗಿರಿಜಮ್ಮ ಅಂದಿನಿಂದ ಆ ಮನೆಯಲ್ಲಿ ಹಿಂದಿ ಎತ್ತಲಿಲ್ಲ. ಅವರು ಕನ್ನಡ ಕಾದಂಬರಿ ಹಿಡಿದರು, ಬಸವರಾಜಪ್ಪ ಫೋನು ಹಿಡಿದರು. ಮಗಳು ಸಿಂಧು ಹುಟ್ಟಿ, ಬೆಳೆದು, ತುರುವೇಕೆರೆಗೆ ಸೊಸೆಯಾಗಿ ಹೋದಳು. ಕಳೆದ ವರ್ಷ ಬಸವರಾಜಪ್ಪ ಕೆಲಸ ಬಿಟ್ಟರು. ಈಗಿನವರು ಮೊಬೈಲಿನಲ್ಲೇ ಮಾಲಿನ ಚಿತ್ರ ಕಳಿಸಿ ವ್ಯಾಪಾರ ಮುಗಿಸುತ್ತಾರೆ, ನಾನ್ಯಾಕೆ ಕಿರುಚಬೇಕು ಎಂದು ಅವರೇ ಹೇಳಿಕೊಂಡಿದ್ದರು. ಮನೆಯಲ್ಲಿ ಕೂತ ಮೇಲೆ ಆ ದೊಡ್ಡ ಗಂಟಲಿಗೆ ಕೆಲಸವಿಲ್ಲದೆ, ಹಾಲಿನವನ ಹತ್ತಿರ ಮಾತಾಡಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

ಹೀಗಿರುವಾಗ ಒಂದು ದಿನ ಗಿರಿಜಮ್ಮ ದಯಾನಂದನ ಅಂಗಡಿಗೆ ಹೋದರು. ಕಾಲೇಜು ರಸ್ತೆಯಲ್ಲಿರುವ ಆ ಅಂಗಡಿಯಲ್ಲಿ ಮುಕ್ಕಾಲು ಪಾಲು ಗೈಡು, ನೋಟುಬುಕ್ಕು, ಜೆರಾಕ್ಸು. ಒಂದು ಮೂಲೆಯ ಕಪಾಟಿನಲ್ಲಿ ಮಾತ್ರ ಕಥೆ ಕಾದಂಬರಿ ಇಟ್ಟಿದ್ದ, ಅದೂ ಗಿರಿಜಮ್ಮನಂಥ ನಾಲ್ಕೈದು ಗಿರಾಕಿಗಳಿಗಾಗಿ. ಅವತ್ತು ಹೊಸ ಕನ್ನಡ ಪುಸ್ತಕ ಯಾವುದೂ ಬಂದಿರಲಿಲ್ಲ. ಬದಲಿಗೆ ಕಾಲೇಜಿನ ಹಿಂದಿ ವಿಭಾಗದವರು ನೋಡಿ ಬೇಕಾದ್ದನ್ನು ಆರಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಹೋದ ಹಿಂದಿ ಪುಸ್ತಕಗಳ ಡಬ್ಬ ಒಂದಿತ್ತು. ಮರುದಿನ ಮಧ್ಯಾಹ್ನ ದಯಾನಂದ ಅದನ್ನು ಬೆಂಗಳೂರಿನ ಸಗಟು ಮಾರಾಟಗಾರರಿಗೆ ವಾಪಸು ಕಳಿಸುವವನಿದ್ದ.

ಡಬ್ಬದ ಮೇಲಿದ್ದ ಪುಸ್ತಕವನ್ನು ಕಂಡು ಗಿರಿಜಮ್ಮ ತಮ್ಮ ಪದ್ಧತಿಯನ್ನೇ ಮರೆತು ಮುಖಪುಟ ನೋಡುತ್ತ ನಿಂತರು. ಕಂದು ಬಣ್ಣದ ಹಿನ್ನೆಲೆ, ನಡುವೆ ಒಂದೇ ಒಂದು ಉಂಡೆ ಕೊಬ್ಬರಿ. ತಿಪಟೂರಿನಲ್ಲಿ ಬಾಳಿದವರಿಗೆ ಅದು ಚೆಂಡೋ ಚಂದ್ರನೋ ಆಗಿ ಕಾಣಲು ಸಾಧ್ಯವಿಲ್ಲ. ಮೇಲೆ ಎರಡಕ್ಷರದ ಹೆಸರು, ‘ಗೋಲಾ’. ಎಷ್ಟೋ ವರ್ಷದ ಮೇಲೆ ಕಂಡರೂ ಅಕ್ಷರ ತಟ್ಟನೆ ಗುರುತಾಯಿತು. ಪುಸ್ತಕ ತಿರುಗಿಸಿದರು. ಬೆನ್ನುಡಿ ತುಂಬ ಇತ್ತು, ಆದರೆ ಕಂದು ಬಣ್ಣದ ಮೇಲೆ ಬಿಳಿಯ ಸಣ್ಣ ಸಣ್ಣ ಅಕ್ಷರ. ಓದುವ ಕನ್ನಡಕ ಮನೆಯಲ್ಲೇ ಉಳಿದಿತ್ತು.

ದಯಾನಂದ ತನ್ನ ಫೋನು ತೆಗೆದ. ಕ್ಯಾಮೆರಾ ಹಿಡಿದರೆ ಅದೇ ಕನ್ನಡ ಮಾಡಿ ತೋರಿಸುತ್ತದೆ ಎಂದು ಬೆನ್ನುಡಿಯ ಮೇಲೆ ಹಿಡಿದ. ಹಿಂದಿ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳು ತೇಲಿ ಬಂದವು. ಅವನ ಕೈ ಸ್ವಲ್ಪ ಅಲ್ಲಾಡಿದರೂ ಮಾತು ಬದಲಾಗುತ್ತಿತ್ತು. ಗೋಲಾ ಎಂಬುದು ಒಮ್ಮೆ ಚೆಂಡಾಯಿತು, ಒಮ್ಮೆ ಗೋಳವಾಯಿತು, ಕಡೆಗೆ ಫಿರಂಗಿ ಗುಂಡಾಗಿ ನಿಂತಿತು. ದಯಾನಂದ ಗಟ್ಟಿಯಾಗಿ ಓದಿದ.

‘ಹಳೆಯ ಮಾರುಕಟ್ಟೆಯಲ್ಲಿ ಫಿರಂಗಿ ಗುಂಡಿನ ಭಾವನೆಗಳು ಏರಿದಾಗ ಹರಿಕಿಶನ್‌ನ ಧ್ವನಿಯೂ ಏರುತ್ತದೆ. ದಕ್ಷಿಣದ ಯಾವ ಚಟಗಾರನಿಂದ ಅವನು ಮೂವತ್ತು ವರ್ಷಗಳಿಂದ ಫೋನಿನಲ್ಲಿ ಸರಕು ತರಿಸುತ್ತಾನೋ, ಅವನನ್ನು ಎಂದೂ ನೋಡಿಲ್ಲ.’

ಓದಿ ಮುಗಿಸಿ ದಯಾನಂದ ತೀರ್ಪು ಕೊಟ್ಟ. “ಯಾವ್ದೋ ಬಾಂಬು ಸಾಗಿಸೋ ಕಥೆ ಇರ್ಬೇಕು ಕಣಕ್ಕ. ನಿಮ್ಗೆ ಆಗ್ಬರಾಕಿಲ್ಲ ಬುಡಿ.”

ಗಿರಿಜಮ್ಮನಿಗೂ ಹೊಡೆದಾಟ ಬಡಿದಾಟದ ಪುಸ್ತಕ ಹಿಡಿಸುತ್ತಿರಲಿಲ್ಲ. ಆದರೆ ಬಾಂಬಿನ ಪುಸ್ತಕದ ಮೇಲೆ ಕೊಬ್ಬರಿ ಯಾಕೆ ಹಾಕುತ್ತಾರೆ? ಒಂದು ಫೋಟೋ ತಗೊಳ್ಳಲೇ ಎಂದು ಕೇಳಿದರು. ದಯಾನಂದ ಧಾರಾಳವಾಗಿ ತಗೊಳ್ಳಿ ಎಂದ. ಗಿರಿಜಮ್ಮ ತಮ್ಮ ಮೊಬೈಲಿನಲ್ಲಿ ಬೆನ್ನುಡಿಯ ಒಂದು ಚಿತ್ರ ತೆಗೆದುಕೊಂಡು ಮನೆಗೆ ಬಂದರು.

ಬಸವರಾಜಪ್ಪ ಹಿತ್ತಿಲಲ್ಲಿ ಬಚ್ಚಲ ಒಲೆಗೆಂದು ತೆಂಗಿನಮಟ್ಟೆ ಸೀಳುತ್ತಿದ್ದರು. ಗಿರಿಜಮ್ಮ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ಗಂಡನಿಗೆ ಕೇಳಲೆಂದು ಅಲ್ಲ, ಗಟ್ಟಿಯಾಗಿ ಓದದಿದ್ದರೆ ಆ ಅಕ್ಷರಗಳು ಕೂಡಿಕೊಳ್ಳುತ್ತಿರಲಿಲ್ಲ, ಅದಕ್ಕೆ ಓದಿದರು. ಪರೀಕ್ಷೆಯ ಹುಡುಗಿಯ ಹಾಗೆ ಒಂದೊಂದೇ ಪದ ಬಿಡಿಸಿ ಓದಿದರು.

“ಪುರಾನೀ ಮಂಡೀ ಮೇಂ... ಜಬ್ ಗೋಲೇ ಕೇ ಭಾವ್ ಚಢತೇ ಹೈಂ...”

ಮಚ್ಚಿನ ಸದ್ದು ನಿಂತಿತು. ಗಿರಿಜಮ್ಮ ತಲೆ ಎತ್ತಿದರು. ನಗುತ್ತಾರೇನೋ ಎಂದು ಫೋನನ್ನು ಸೆರಗಿನಡಿಗೆ ಸರಿಸಿದರು ಕೂಡ. ಬಸವರಾಜಪ್ಪ ನಗಲಿಲ್ಲ.

“ಇನ್ನೊಂದ್ಸಲ ಓದು,” ಎಂದರು.

ಓದಿದರು. ಬಸವರಾಜಪ್ಪ ಮಚ್ಚು ಕೆಳಗಿಟ್ಟು ಬಂದು ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಕೂತರು. “ಗೋಲಾ ಅಂದ್ರೆ ನಮ್ ಉಂಡೆ ಕೊಬ್ರಿ ಕಣೇ. ಆ ಕಡೆಯೋರು ಹಂಗೇ ಅನ್ನಾದು. ಭಾವ್ ಅಂದ್ರೆ ಧಾರಣೆ. ಕೊಬ್ರಿ ಧಾರಣೆ ಏರಿದ್ರೆ ಅವನ ಗಂಟ್ಲೂ ಏರ್ತೈತೆ ಅಂತವ್ರೆ. ಸರಿಯಾಗೇ ಬರ್ದವ್ರೆ. ಯಾವನು ಬರೆದೋನು?”

ಅಂಗಡಿಯಲ್ಲಿ ಫೋನು ಹೇಳಿದ ಫಿರಂಗಿ ಗುಂಡನ್ನೂ ಅದರ ಭಾವನೆಗಳನ್ನೂ ಗಿರಿಜಮ್ಮ ಹೇಳಿದಾಗ ಬಸವರಾಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ದಕ್ಷಿಣದ ಚಟಗಾರ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಗಿರಿಜಮ್ಮ ಆ ಪದವನ್ನು ಮತ್ತಷ್ಟು ಹಿಗ್ಗಿಸಿ ನೋಡಿದರು. ಅದು ಚಟದವನು ಎಂಬರ್ಥದ ಆದತೀ ಅಲ್ಲ, ಆಢತೀ. ‘ದ’ ಮತ್ತು ‘ಢ’ ಆ ಲಿಪಿಯಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ‘ಢ’ದ ಕೆಳಗೊಂದು ಚುಕ್ಕಿಯೂ ಇತ್ತು. ಅವರು ಚುಕ್ಕಿ ಸಮೇತ ಉಚ್ಚರಿಸಿದ ಕೂಡಲೇ ಬಸವರಾಜಪ್ಪ ತೊಡೆ ತಟ್ಟಿದರು. ಆಢತಿ ಎಂದರೆ ಮಂಡಿ ಇಟ್ಟುಕೊಂಡು ಕಮಿಷನ್ ಮೇಲೆ ಮಾಲು ಕೊಟ್ಟು ತಗೊಳ್ಳುವವನು. ತಮ್ಮ ಹಳೆಯ ಮಾಲೀಕರೇ ಒಬ್ಬ ಆಢತಿ.

ಅಲ್ಲಿಗೆ ಬಾಂಬಿನ ಕಥೆ ಕೊಬ್ಬರಿಯ ಕಥೆಯಾಯಿತು. ಉತ್ತರದ ಯಾವುದೋ ಊರಿನ ಹಳೆಯ ಮಂಡಿ. ಹರಿಕಿಶನ್ ಎಂಬ ವ್ಯಾಪಾರಿ. ಅವನಿಗೆ ಮೂವತ್ತು ವರ್ಷದಿಂದ ಫೋನಿನಲ್ಲೇ ಕೊಬ್ಬರಿ ಕಳಿಸುವ, ಅವನು ಒಂದು ದಿನವೂ ಮುಖ ನೋಡದ, ದಕ್ಷಿಣದ ಒಬ್ಬ ಮನುಷ್ಯ.

ಮುಂದಿನ ಸಾಲಿಗೆ ಬಂದಾಗ ಗಿರಿಜಮ್ಮನಿಗೆ ಗಂಡನ ಸಹಾಯವೇ ಬೇಡವೆನ್ನಿಸಿತು. ಎಲ್ಲ ಗೊತ್ತಿರುವ ಪದಗಳೇ. ‘ಬೇಟೀ ಕೋ ಶಿಕ್ಷಾ ದಿಲಾನೇ ಕಾ ಅವಸರ್ ಸಾಮನೇ ಹೈ.’ ಅವರ ಮುಖ ಗಂಟಿಕ್ಕಿತು. “ಥೂ, ಎಂಥಾ ಅಪ್ಪ ಇವ್ನು. ಮಗಳಿಗೆ ಶಿಕ್ಷೆ ಕೊಡ್ಸೋಕೆ ಅವಸರ ಮಾಡ್ತಾವ್ನೆ. ಇದು ನನಗಲ್ಲ ಬುಡಿ.”

ಬಸವರಾಜಪ್ಪ ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡರು. ಸೇಟುಗಳು ಫೋನಿನಲ್ಲಿ ಮಕ್ಕಳ ಸುದ್ದಿ ಹೇಳುವಾಗ ಶಿಕ್ಷಾ ಎಂಬುದನ್ನು ಯಾವ ದನಿಯಲ್ಲಿ ಹೇಳುತ್ತಿದ್ದರು ಎಂದು ನೆನಪು ಮಾಡಿಕೊಂಡರು. ಬೈಗುಳದ ದನಿಯಲ್ಲಿ ಅಲ್ಲ, ಜಂಬದ ದನಿಯಲ್ಲಿ. “ಓದಿಸೋದಿರ್ಬೇಕು ಕಣೇ, ವಿದ್ಯಾಭ್ಯಾಸ,” ಎಂದರು. ಗಿರಿಜಮ್ಮನಿಗೆ ಹಿಂದಿ ಮೇಡಂ ಕಪ್ಪುಹಲಗೆಯ ಮೇಲೆ ಬರೆಸಿದ್ದ ಪಟ್ಟಿ ಆಗ ನೆನಪಿಗೆ ಬಂತು. ಕನ್ನಡದಲ್ಲೂ ಹಿಂದಿಯಲ್ಲೂ ಒಂದೇ ಥರ ಕಾಣುವ, ಅರ್ಥ ಮಾತ್ರ ಬೇರೆಯಾದ ಪದಗಳು. ಅವಸರ್ ಅಂದರೆ ಆತುರವಲ್ಲ, ಅವಕಾಶ. ಮಗಳನ್ನು ಓದಿಸುವ ಅವಕಾಶ ಹರಿಕಿಶನ್‌ಗೆ ಎದುರಿಗೇ ಇದೆ. ಪಾಪದವನನ್ನು ಬೈದುಬಿಟ್ಟೆನಲ್ಲ ಎಂದು ಗಿರಿಜಮ್ಮ ನಾಲಿಗೆ ಕಚ್ಚಿಕೊಂಡರು.

ಹಾಗೆಯೇ ಮುಂದೆ ಹೋದರು. ವ್ಯಾಪಾರದ ಮಾತು ಬಂದರೆ ಬಸವರಾಜಪ್ಪ ಹೇಳುವರು. ಮನಸ್ಸಿಗೆ ಸಂಬಂಧಿಸಿದ ಉದ್ದನೆಯ ಸಂಸ್ಕೃತ ಪದ ಬಂದರೆ ಅವರು ಕಕ್ಕಾಬಿಕ್ಕಿ. ‘ಮರ್ಮಸ್ಪರ್ಶೀ’ ಎಂಬುದನ್ನು ಯಾವ ಸೇಟೂ ಅವರ ಹತ್ತಿರ ಫೋನಿನಲ್ಲಿ ಅಂದಿರಲಿಲ್ಲ. ಅದು ಗಿರಿಜಮ್ಮನಿಗೆ ಸಲೀಸು. ಕೆಲವು ಪದ ಇಬ್ಬರಿಗೂ ತಿಳಿಯದೆ ಫೋನನ್ನೇ ಕೇಳಿದರು. ಅದು ಈ ಸಲ ಸರಿಯಾಗಿಯೇ ಹೇಳಿತು.

ಬೆನ್ನುಡಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಇಬ್ಬರ ಹೊಗಳಿಕೆಯಿತ್ತು. ಇವರು ಯಾರು ಎಂದು ಬಸವರಾಜಪ್ಪ ಕೇಳಿದರು. ಪುಸ್ತಕ ಓದಿ ಪತ್ರಿಕೆಯಲ್ಲಿ ಬರೆದವರು ಎಂದು ಗಿರಿಜಮ್ಮ ವಿವರಿಸಿದರು. ಅವರು ಕೊಂಡು ಓದಿದವರೋ, ಮಾರುವವನ ಕಡೆಯವರೋ? ಅದು ತನಗೆ ಹೇಗೆ ಗೊತ್ತಾಗಬೇಕು ಎಂದರು ಗಿರಿಜಮ್ಮ. ಹಾಗಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದು ಬಸವರಾಜಪ್ಪ ಅಪ್ಪಣೆ ಮಾಡಿದರು. ಕೆಳಗಿರುವ ಕಥೆಯ ಸಾರಾಂಶವನ್ನಾದರೂ ನಂಬಬಹುದೇ? ಅದನ್ನೂ ಸಾಮಾನ್ಯವಾಗಿ ಪ್ರಕಾಶಕರೇ ಬರೆಸುತ್ತಾರೆ ಎಂದು ಗಿರಿಜಮ್ಮ ಹೇಳಿದಾಗ ಅವರಿಗೆ ಮಜವೆನ್ನಿಸಿತು. ತಾನು ಇಷ್ಟು ವರ್ಷ ಮಾಡಿದ್ದೂ ಅದೇ ಕೆಲಸವಲ್ಲವೇ, ಕಾಣದ ಮಾಲನ್ನು ಮಾತಿನಲ್ಲೇ ಕೊಳ್ಳುವವನಿಗೆ ಕಾಣಿಸುವುದು!

ಕಡೆಯ ಸಾಲನ್ನು ಗಿರಿಜಮ್ಮ ನಿಧಾನವಾಗಿ ಓದಿದರು. ‘ತಭೀ ಏಕ್ ದಿನ್ ಫೋನ್ ಪರ್ ಕೋಈ ದೂಸರೀ ಆವಾಜ್ ಆತೀ ಹೈ.’

ಅವರಿಗೂ ಅರ್ಥವಾಗಿತ್ತು, ಆದರೂ ಗಂಡನ ಬಾಯಿಂದ ಬರಲಿ ಎಂದು ಕಾದರು. ಬಸವರಾಜಪ್ಪ ಸೀಳಿದ ಮಟ್ಟೆಯ ಒಂದು ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು.

“ಅಷ್ಟೊತ್ಗೆ ಒಂದಿನ ಫೋನ್ನಾಗೆ ಬೇರೆ ಯಾರದೋ ದನಿ ಬತ್ತೈತೆ,” ಎಂದರು ಕಡೆಗೆ. “ಆಮೇಲೆ?”

“ಆಮೇಲೆ ಇಲ್ಲ. ಅಲ್ಲಿಗೇ ನಿಲ್ಸವ್ರೆ.”

“ಇದೇನೇ ಇದು, ಹಿಂಗೆ ನಿಲ್ಸಿದ್ರೆ?”

“ಮುಂದುಕ್ಕೆ ಬೇಕಾದ್ರೆ ಪುಸ್ತಕ ಕೊಂಡ್ಕೊಳ್ಳಿ ಅಂತ. ಬೆನ್ನುಡಿ ಇರೋದೇ ಅದಕ್ಕೆ.”

ಬಸವರಾಜಪ್ಪ ಕೆಲಸ ಬಿಟ್ಟ ಮೇಲೆ ಆ ಊರುಗಳ ಸೇಟುಗಳು ಯಾರೂ ಮತ್ತೆ ಫೋನು ಮಾಡಿರಲಿಲ್ಲ. ಅವರು ಅದನ್ನು ದೂರಿನ ಹಾಗೆ ಯಾರಿಗೂ ಹೇಳಿಕೊಂಡವರೂ ಅಲ್ಲ. ವ್ಯಾಪಾರ ಮಂಡಿಯದು, ಮಂಡಿಗೆ ಹೊಸ ಗುಮಾಸ್ತ ಬಂದಿದ್ದಾನೆ. ಆದರೆ ತನ್ನ ಜಾಗದಲ್ಲಿ ಇನ್ನೊಂದು ದನಿ ಕೇಳಿದ ದಿನ ಆ ಕಡೆಯವನು ಫೋನು ಹಿಡಿದು ಏನಂದುಕೊಂಡಿರಬಹುದು ಎಂದು ಯೋಚಿಸಲು ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಗಿರಿಜಮ್ಮ ಅವರ ಮುಖ ನೋಡಿದರು. ಕಾಫಿ ಮಾಡಲು ಏಳಹೊರಟವರು ಅಲ್ಲೇ ಜೊತೆಗೆ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಬಸವರಾಜಪ್ಪ ಫೋನನ್ನು ಈಸಿಕೊಂಡು ಚಿತ್ರವನ್ನು ತಾವೇ ನೋಡಿದರು. ಓದಲು ಬಾರದಿದ್ದರೂ ಮಾಲನ್ನು ನೋಡುವ ಕಣ್ಣು ಅವರದು. ಚಿತ್ರದ ಕೆಳಮೂಲೆಯಲ್ಲಿ ಬಿಳಿಯ ಮಚ್ಚೆಯೊಂದಿತ್ತು. ಅಂಗಡಿಯ ಟ್ಯೂಬ್‌ಲೈಟಿನ ಬೆಳಕು ನುಣುಪಾದ ರಟ್ಟಿನ ಮೇಲೆ ಬಿದ್ದು ಅಲ್ಲಿದ್ದ ಒಂದು ಸಾಲನ್ನು ಪೂರಾ ನುಂಗಿತ್ತು. ಇಲ್ಲೇನಿದೆ ಎಂದು ಕೇಳಿದರು. ಗಿರಿಜಮ್ಮನಿಗೆ ಕಾಣಲಿಲ್ಲ, ಬೆಲೆಯೋ ಏನೋ ಇರಬೇಕು ಎಂದರು.

“ಮಾರೋನು ಹೇಳಿದ್ದು ಕೇಳಾಯ್ತು. ಕಾಣ್ದೆ ಇರೋದ್ನ ನೋಡ್ಕಂಡೇ ತಗಬೇಕು ಕಣೇ. ನಡಿ, ಹೋಗನ,” ಎಂದು ಎದ್ದೇ ಬಿಟ್ಟರು. ಪುಸ್ತಕದಂಗಡಿಗೆ ಹೋಗುತ್ತೇನೆಂದು ಅವರು ಎದ್ದದ್ದು ಅದೇ ಮೊದಲು. ಆದರೆ ಹೊತ್ತು ಮುಳುಗಿತ್ತು, ದಯಾನಂದ ಬಾಗಿಲು ಹಾಕಿರುತ್ತಾನೆ, ಬೆಳಿಗ್ಗೆ ಹೋದರಾಯಿತು ಎಂದು ಗಿರಿಜಮ್ಮ ತಡೆದರು.

ಬೆಳಿಗ್ಗೆ ಇಬ್ಬರೂ ಹೋದಾಗ ದಯಾನಂದ ಡಬ್ಬಕ್ಕೆ ಟೇಪು ಸುತ್ತುತ್ತಿದ್ದ. ಬಸವರಾಜಪ್ಪನನ್ನು ಅಂಗಡಿಯ ಮೆಟ್ಟಿಲ ಮೇಲೆ ಕಂಡು ಏನೋ ದೂರು ಬಂತೆಂದೇ ತಿಳಿದನಂತೆ. ವಿಷಯ ತಿಳಿದು ಟೇಪು ಕಿತ್ತು ಪುಸ್ತಕ ತೆಗೆದುಕೊಟ್ಟ. ಗಿರಿಜಮ್ಮ ಈ ಸಲ ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಪುಸ್ತಕ ಹಿಡಿದು ಕೆಳಮೂಲೆ ಓದಿದರು. ಅವರ ಮುಖ ಸಪ್ಪಗಾಯಿತು.

“ಮಂಡೀ ತ್ರಯೀ ಕಾ ದೂಸರಾ ಉಪನ್ಯಾಸ್,” ಎಂದು ಓದಿ, ತಾವೇ ಅರ್ಥ ಹೇಳಿದರು. ಹಿಂದಿಯಲ್ಲಿ ಉಪನ್ಯಾಸವೆಂದರೆ ಭಾಷಣವಲ್ಲ, ಕಾದಂಬರಿ. ಇದು ಮೂರು ಕಾದಂಬರಿಗಳ ಸಾಲಿನಲ್ಲಿ ಎರಡನೆಯದು.

ಗಿರಿಜಮ್ಮನ ಮಟ್ಟಿಗೆ ಅದು ದೊಡ್ಡ ಅಡ್ಡಿ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿಯುವುದೆಂದರೆ ಅವರಿಗೆ ಊಟದ ಮಧ್ಯೆ ಪಂಕ್ತಿಗೆ ನುಗ್ಗಿದ ಹಾಗೆ. ಬಸವರಾಜಪ್ಪ ಅದಕ್ಕೇನು, ನಮಗೆ ಬೇಕಾದ ಕಥೆ ಇದರಲ್ಲೇ ಇದೆಯಲ್ಲ ಎಂದರು. ಅಂಗಡಿಯ ನಡುವೆ ನಿಂತು ಗಂಡಹೆಂಡತಿ ವಾದಿಸಿದರು. ಜೆರಾಕ್ಸಿಗೆ ಬಂದ ಕಾಲೇಜು ಹುಡುಗಿಯರು ತಮ್ಮ ಕೆಲಸ ಮುಗಿದರೂ ಹೋಗದೆ ಕೇಳುತ್ತ ನಿಂತರು. ಮೊದಲನೆಯ ಭಾಗ ತರಿಸಿಕೊಡಲು ಆಗುತ್ತದೆಯೇ ಎಂದು ದಯಾನಂದನನ್ನು ಕೇಳಿದ್ದಕ್ಕೆ, ಬೆಂಗಳೂರಿನವರು ಒಂದು ಪ್ರತಿಗಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, ಪ್ರಕಾಶಕರನ್ನೇ ಕೇಳಬೇಕು, ಅವರೋ ದಿಲ್ಲಿಯವರು, ತನಗೆ ಹಿಂದಿ ಬರುವುದಿಲ್ಲ ಎಂದ.

ಬಸವರಾಜಪ್ಪ ಹೆಂಡತಿಯ ಕಡೆ ತಿರುಗಿ ನಂಬರು ಇದೆಯೇ ನೋಡು ಎಂದರು. ಪುಸ್ತಕದ ಒಳಗೆ, ಮುದ್ರಣದ ವಿವರವಿರುವ ಪುಟದಲ್ಲಿ ಇತ್ತು. ಗಿರಿಜಮ್ಮ ಒಂದೊಂದೇ ಅಂಕಿ ಹೇಳಿದರು, ಅವರು ಒತ್ತಿದರು. ಆ ಕಡೆಯಿಂದ ಹಲೋ ಎಂದ ಕೂಡಲೇ ಬಸವರಾಜಪ್ಪನ ಬೆನ್ನು ನೆಟ್ಟಗಾಯಿತು, ಗಂಟಲು ತೆರೆದುಕೊಂಡಿತು. ತಿಪಟೂರಿಂದ ಮಾತಾಡುತ್ತಿದ್ದೇನೆ, ನಮ್ಮ ಊರಿನ ಗೋಲಾ ನಿಮ್ಮ ಪುಸ್ತಕದ ಮೇಲಿದೆ, ಎಂದು ಶುರು ಮಾಡಿದರು. ರಸ್ತೆಯಾಚೆಯ ಕಬ್ಬಿನಹಾಲಿನ ಗಾಡಿಯವನು ಕತ್ತು ಹೊರಳಿಸಿ ನೋಡಿದ. ಗಂಡ ದಿನವೂ ಈ ದನಿಯಲ್ಲಿ ಮಾತಾಡಿದವರೆಂದು ಗಿರಿಜಮ್ಮನಿಗೆ ಗೊತ್ತಿತ್ತು, ಮನೆಯ ಫೋನಿನಲ್ಲೂ ಆಗಾಗ ಕೇಳಿದ್ದರು. ಆದರೆ ಕೇಳಿದ್ದು ಅಷ್ಟಿಷ್ಟು ಅರ್ಥವಾಗುತ್ತಿರುವುದು ಇದೇ ಮೊದಲು. ನೀವು ನಗುತ್ತೀರಿ, ಆದರೆ ನನ್ನ ಹೆಂಡತಿ ಬಹಳ ದೊಡ್ಡ ಓದುಗಾರ್ತಿ, ಅವಳು ಮೊದಲ ಭಾಗ ಇಲ್ಲದೆ ಮುಟ್ಟುವುದಿಲ್ಲ ಎಂದು ಅವರು ದಿಲ್ಲಿಯವನಿಗೆ ಹೇಳಿದ್ದು ಪೂರ್ತಿಯಾಗಿಯೇ ತಿಳಿಯಿತು. ಗಿರಿಜಮ್ಮ ಕಪಾಟಿನ ಕಡೆ ತಿರುಗಿ, ಇಲ್ಲದ ಧೂಳನ್ನು ಒರೆಸಿದರು.

ಮೊದಲ ಭಾಗ ಇದೆ, ಅಂಚೆಯಲ್ಲಿ ಕಳಿಸುತ್ತೇವೆ ಎಂದ ಆ ಕಡೆಯವನು. ಬಸವರಾಜಪ್ಪ ಒಪ್ಪಲಿಲ್ಲ. ಕಾಣದ ಮಾಲನ್ನು ಹೇಗೆ ಒಪ್ಪುವುದು, ಮೊದಲು ಅದರ ಬೆನ್ನಿನ ಫೋಟೋ ಕಳಿಸಿ, ಮನೆಯವರು ಓದಿ ನೋಡಲಿ, ಬೆಳಕು ಬೀಳದ ಹಾಗೆ ತೆಗೆಯಿರಿ ಎಂದರು. ದಿಲ್ಲಿಯವನು ಒಳ್ಳೆಯವನಿರಬೇಕು. ಸ್ವಲ್ಪ ಹೊತ್ತಿಗೆ ಚಿತ್ರ ಬಂತು, ಸ್ಪಷ್ಟವಾಗಿತ್ತು. ದಯಾನಂದ ಎರಡು ಸ್ಟೂಲು ಹಾಕಿಕೊಟ್ಟ. ಗಿರಿಜಮ್ಮ ಓದಿದರು, ಬಸವರಾಜಪ್ಪ ಅರ್ಥ ಹೇಳಿದರು, ಕೆಲವು ಕಡೆ ಅವರು ಹೇಳಿದ್ದನ್ನು ಗಿರಿಜಮ್ಮ ತಿದ್ದಿದರು. ಅದರಲ್ಲಿ ಹರಿಕಿಶನ್ ಇನ್ನೂ ಹುಡುಗ, ಅಪ್ಪನ ಗದ್ದುಗೆಯ ಪಕ್ಕದಲ್ಲಿ ಕೂತು ಕೊಬ್ಬರಿ ಅಲ್ಲಾಡಿಸಿ ಸದ್ದು ಕೇಳುವುದನ್ನು ಕಲಿಯುತ್ತಾನೆ. ಒಣಗಿದ ಮಾಲಿನ ಸದ್ದೇ ಬೇರೆ, ಅದು ನಿಜ ಎಂದು ಬಸವರಾಜಪ್ಪ ತಲೆದೂಗಿದರು. ಮದುವೆಯ ಮಾತೊಂದಿತ್ತು, ಅದು ನಡೆಯಿತೋ ಇಲ್ಲವೋ ಎಂದು ಹೇಳದೆ ಬೆನ್ನುಡಿ ನಿಂತಿತ್ತು. ಗಿರಿಜಮ್ಮ ಕನ್ನಡಕ ತೆಗೆದು, “ಇದು ಇರ್ಲಿ,” ಎಂದರು.

ಎರಡನೆಯದನ್ನು ಅವತ್ತೇ ಕೊಂಡುಕೊಂಡರು, ಡಬ್ಬದ ಜೊತೆ ಹೋಗಿಬಿಟ್ಟರೆ ಮತ್ತೆ ಎಲ್ಲಿ ಹುಡುಕುವುದು ಎಂದು. ಮೊದಲನೆಯದು ಅಂಚೆಯಲ್ಲಿ ಬರುವವರೆಗೆ ಬಸವರಾಜಪ್ಪನ ಪಾಡು ಹೇಳತೀರದು. ಮೂರು ಹೊತ್ತೂ ಅಂಚೆಯವನ ದಾರಿ ಕಾಯುವರು. ಫೋನಿನಲ್ಲಿ ಬಂದ ಆ ಬೇರೆ ದನಿ ಯಾರದು ಎಂದಷ್ಟನ್ನು ನೋಡಿ ಹೇಳು, ಒಂದೇ ಒಂದು ಪುಟ ಓದು ಎಂದು ಹೆಂಡತಿಯನ್ನು ಪೀಡಿಸಿದರು. ಗಿರಿಜಮ್ಮ ಜಪ್ಪಯ್ಯ ಅನ್ನಲಿಲ್ಲ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಓದಲು ಬಾರದವರಿಗೆ ಬೀಗ ಯಾಕೆ ಎಂದು ಸಿಂಧು ಫೋನಿನಲ್ಲಿ ಕೇಳಿದ್ದಕ್ಕೆ, ನಿಮ್ಮಪ್ಪ ಪುಸ್ತಕ ತಗೊಂಡು ಕಾಲೇಜಿನ ಹಿಂದಿ ಮೇಷ್ಟ್ರ ಮನೆಗೆ ಹೋದರೂ ಹೋದಾರು ಎಂದರು.

ಕಡೆಗೂ ಪುಸ್ತಕ ಬಂತು. ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯ ಕಿಟಕಿಯ ಹತ್ತಿರ ಓದು ಶುರುವಾಯಿತು. ಮೊದಮೊದಲು ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ, ಈ ವೇಗದಲ್ಲಿ ಹೋದರೆ ಹರಿಕಿಶನ್‌ಗೆ ಮೀಸೆ ಚಿಗುರುವಷ್ಟರಲ್ಲಿ ನಮ್ಮ ಕಾಲ ಮುಗಿಯುತ್ತದೆ ಎಂದು ಬಸವರಾಜಪ್ಪ ಗೊಣಗಿದರು. ಆಮೇಲೆ ಗಿರಿಜಮ್ಮನ ನಾಲಿಗೆ ಸಡಿಲವಾಯಿತು. ಓದುತ್ತ ಓದುತ್ತ ಅವರು ಸೇಟುಗಳ ಮಾತನ್ನು ಸೇಟುಗಳ ದನಿಯಲ್ಲೇ ಓದತೊಡಗಿದರು, ಹಾಗೆ ಓದುವುದನ್ನು ಕಲಿಸಿದವರು ಬಸವರಾಜಪ್ಪನೇ. ಒಂದೊಂದು ಪದಕ್ಕೆ ಜಗಳವೂ ಆಗುತ್ತಿತ್ತು. ಹರಿಕಿಶನ್‌ನ ಹೆಂಡತಿ ರೂಠ್ ಗಯೀ ಎಂದರೆ ಸಿಟ್ಟು ಮಾಡಿಕೊಂಡಳೋ ಮುನಿಸಿಕೊಂಡಳೋ? ಎರಡೂ ಒಂದೇ ಎಂದರು ಬಸವರಾಜಪ್ಪ. ಎರಡೂ ಒಂದೇ ಅಲ್ಲವೆಂದು ಗಿರಿಜಮ್ಮ ಅರ್ಧ ದಿನ ವಾದಿಸಿದರು.

ಮಂಡಿಯ ಹಳೆಯ ಗೆಳೆಯ ಮಲ್ಲಿಕಾರ್ಜುನಯ್ಯ ಒಂದು ದಿನ ಬಂದವರು, ಇದೇನಪ್ಪ ನಿಮ್ಮ ಮನೆಯಲ್ಲಿ ಹಿಂದಿ ಸೀರಿಯಲ್ಲು ಎಂದು ಬಾಗಿಲಲ್ಲೇ ನಿಂತರು. ಕಥೆ ಕೊಬ್ಬರಿಯದೆಂದು ತಿಳಿದ ಮೇಲೆ ಅವರೂ ದಿನಾ ಬರತೊಡಗಿದರು. ಅವರಿಗೆ ಹಿಂದಿಯೂ ಬಾರದು, ಓದುವ ಅಭ್ಯಾಸವೂ ಇಲ್ಲ, ಆದರೂ ಪಾತ್ರಗಳ ವ್ಯಾಪಾರ ತಪ್ಪಿದಾಗಲೆಲ್ಲ ಹೀಗೆ ಮಾಡಬಾರದಿತ್ತು ಎಂದು ಎಲ್ಲರಿಗಿಂತ ಜೋರಾಗಿ ಕೊರಗಿದವರು ಅವರೇ.

ಒಂದು ಮಧ್ಯಾಹ್ನ ಎರಡನೆಯ ಭಾಗದಲ್ಲಿ ಆ ಬೇರೆ ದನಿ ಬಂದ ಅಧ್ಯಾಯಕ್ಕೆ ಬಂದರು. ಅಲ್ಲಿ ಹರಿಕಿಶನ್ ಫೋನಿಟ್ಟ ಮೇಲೆ ಅಂಗಡಿಯಿಂದ ಎದ್ದು ಹೋಗಿ, ಹೆಂಡತಿಗೆ, ದಕ್ಷಿಣದ ನನ್ನ ಅಣ್ಣ ಇನ್ನು ಫೋನು ಮಾಡುವುದಿಲ್ಲವಂತೆ ಎಂದು ಹೇಳುತ್ತಾನೆ. ಮರುದಿನ ಬೆಳಿಗ್ಗೆ ಬಸವರಾಜಪ್ಪ ತಮ್ಮ ಹಳೆಯ ಸೇಟೊಬ್ಬರಿಗೆ ತಾವೇ ಫೋನು ಮಾಡಿದರು. ವ್ಯಾಪಾರವೇನಿಲ್ಲ, ಸುಮ್ಮನೆ ಮಾಡಿದೆ ಎಂದರು. ಆ ಮುದುಕ ಆ ಕಡೆಯಿಂದ ಬೈಯತೊಡಗಿದ್ದು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಕೇಳಿದ್ದು ಅಡುಗೆಮನೆಯಲ್ಲಿದ್ದ ಗಿರಿಜಮ್ಮನಿಗೂ ಕೇಳಿಸಿತು. ಬಸವರಾಜಪ್ಪ ಬೈಗುಳವನ್ನೆಲ್ಲ ಬಾಯ್ತುಂಬ ನಗುತ್ತ ಕೇಳಿದರು.

ಈಗ ಬಸವರಾಜಪ್ಪನಿಗೆ ಹಿಂದಿ ಪುಸ್ತಕ ಕಂಡರೆ ಸುಮ್ಮನೆ ಹೋಗಲಾಗುವುದಿಲ್ಲ. ಕಳೆದ ತಿಂಗಳು ನೆಂಟರ ಮದುವೆಗೆ ಹುಬ್ಬಳ್ಳಿಗೆ ಹೋದವರು ವಾಪಸು ಬರುವಾಗ ರೈಲು ನಿಲ್ದಾಣದ ಪುಸ್ತಕದ ಗಾಡಿಯಿಂದ ಗಿರಿಜಮ್ಮನಿಗೆ ಒಂದು ಬೆನ್ನುಡಿಯ ಫೋಟೋ ಕಳಿಸಿದರು. ಅರ್ಧ ಚಿತ್ರದ ತುಂಬ ಅವರದೇ ಹೆಬ್ಬೆರಳು. ಬೆರಳು ತೆಗೆದು ಇನ್ನೊಂದು ತೆಗೆಯಿರಿ ಎಂದು ಗಿರಿಜಮ್ಮ ಫೋನು ಮಾಡಿದರೆ, ರೈಲು ಕೂಗುತ್ತಿದೆ, ಕಂಡಷ್ಟನ್ನು ಓದಿ ಹೇಳು ಎಂದರು. ಕಂಡಷ್ಟರಲ್ಲಿ ಹುಳಿ ಎಂದಿತ್ತು, ಅಜ್ಜಿಯ ನೆನಪು ಎಂದಿತ್ತು, ಬಿಸಿಲು ಎಂದಿತ್ತು. ಒಳ್ಳೆಯ ಕಾದಂಬರಿಯ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಓದದೆ ತರಬೇಡಿ ಎಂದು ಗಿರಿ‌ಜಮ್ಮ ಹೇಳುವಷ್ಟರಲ್ಲಿ ಬಸವರಾಜಪ್ಪ ಕೊಂಡು ರೈಲು ಹತ್ತಿಯಾಗಿತ್ತು.

ಮನೆಗೆ ಬಂದು ಬಿಚ್ಚಿ ನೋಡಿದರೆ ಅದು ಉಪ್ಪಿನಕಾಯಿ ಹಾಕುವ ವಿಧಾನಗಳ ಪುಸ್ತಕ. ಗಿರಿಜಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ತಂದದ್ದನ್ನು ಬಿಸಾಡುವುದೇಕೆ ಎಂದು ಅದನ್ನೂ ಮಧ್ಯಾಹ್ನದ ಹೊತ್ತು ಗಟ್ಟಿಯಾಗಿ ಓದಿದರು, ಬಸವರಾಜಪ್ಪ ಗಂಭೀರವಾಗಿ ಅರ್ಥ ಹೇಳಿದರು. ಸೋಂಪು ಹಾಕಿದ ಮಾವಿನಕಾಯಿಯ ಒಂದು ಬಗೆ ಅದರಲ್ಲಿತ್ತು. ಮಲ್ಲಿಕಾರ್ಜುನಯ್ಯ ತಮ್ಮ ತೋಟದ ಬದುವಿನ ಮರದಿಂದ ಒಂದು ಚೀಲ ಕಾಯಿ ತಂದು ಹಾಕಿದ್ದಾರೆ, ಗಿರಿಜಮ್ಮ ಜಾಡಿ ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.